ಇನ್‌ವಾಯ್ಸ್ ತಿದ್ದುವ, ಅಳಿಸುವ ಕುರಿತು ಸೂಚನೆ

ಮಾನ್ಯ ಸದಸ್ಯರೇ,

ಕಳೆದ ತಿಂಗಳ ಲೆಕ್ಕವನ್ನು ತಾಳೆ ನೋಡುವಾಗ ಇನ್‌ವಾಯ್ಸ್ 246ರ ನಂತರ ನೇರವಾಗಿ 248 ಕಂಡುಬಂದದ್ದರಿಂದ ಆಡಿಟ್ ಟ್ರೇಲ್ ತೆರೆದು ನೋಡಿದೆವು. 247ರ ಮೊತ್ತವನ್ನು 18,500ರಿಂದ 15,800ಕ್ಕೆ ತಿದ್ದಿ, ಒಂಬತ್ತು ನಿಮಿಷಗಳ ಬಳಿಕ, ಸಂಜೆ 6:51ಕ್ಕೆ, ಇನ್‌ವಾಯ್ಸನ್ನೇ ಅಳಿಸಲಾಗಿತ್ತು. ಹಳೆಯ ಮೊತ್ತ, ಹೊಸ ಮೊತ್ತ, ಸಮಯ ಎಲ್ಲವೂ ಅಲ್ಲಿದ್ದವು; ಆದರೆ ಬಳಕೆದಾರರ ಹೆಸರಿನ ಜಾಗದಲ್ಲಿ ಇದ್ದದ್ದು ನಾವು ನಾಲ್ವರೂ ಬಳಸುವ admin ಮಾತ್ರ. ಈ ದಾಖಲೆ ಗುರುತಿಸುವುದು ಲಾಗಿನ್ ಅನ್ನೇ ಹೊರತು ಕುಳಿತು ಟೈಪ್ ಮಾಡಿದ ವ್ಯಕ್ತಿಯನ್ನಲ್ಲ ಎಂಬುದನ್ನು ನಾವು ಮೊದಲೇ ಯೋಚಿಸಬೇಕಿತ್ತು.

ಆದ್ದರಿಂದ ಇಂದಿನಿಂದ ಪ್ರತಿಯೊಬ್ಬರೂ ತಮ್ಮದೇ ಲಾಗಿನ್‌ನಲ್ಲಿ ಮಾತ್ರ ಕೆಲಸ ಮಾಡಬೇಕು. ತಪ್ಪಾದ ಇನ್‌ವಾಯ್ಸನ್ನು ಅಳಿಸದೆ, ಅದರ ಸಂಖ್ಯೆ ಸರಣಿಯಲ್ಲೇ ಉಳಿಯುವಂತೆ ರದ್ದುಪಡಿಸಿ, ಕಾರಣವನ್ನು ಬರೆಯಬೇಕು. ಗ್ರಾಹಕರಿಗೆ ಈಗಾಗಲೇ ಕಳುಹಿಸಿದ್ದರೆ ಕ್ರೆಡಿಟ್ ನೋಟ್ ಕೊಡಬೇಕು. ಇನ್‌ವಾಯ್ಸ್ ಬರೆಯುವವರ ಲಾಗಿನ್‌ಗಳಿಂದ ಅಳಿಸುವ ಅನುಮತಿಯನ್ನು ತೆಗೆದುಹಾಕಲಾಗಿದೆ.