ಅಮ್ಮನ ಯೂರಿನ್ ರಿಪೋರ್ಟ್

ಮಸ್ಕತ್
ಶುಕ್ರವಾರ ರಾತ್ರಿ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ತಮ್ಮ ಕಳಿಸಿದ ರಿಪೋರ್ಟ್ ನೋಡಿದೆ. ಸಕ್ಕರೆ ಮೂರು ಪ್ಲಸ್ ಅಂತ ಬಂದಿದ್ದಕ್ಕೆ ಹೆದರಿ, ಎರಡು ದಿನದಿಂದ ಊಟ ಬಿಟ್ಟು ಬರೀ ಮಜ್ಜಿಗೆ ಕುಡೀತಿದ್ದೀಯಂತೆ. ಮೊದಲು ಎದ್ದು ಊಟ ಮಾಡು. ಫೋನಲ್ಲಿ ಹೇಳಿದರೆ ಅರ್ಧ ಕೇಳಿ "ಆಯ್ತು ಬಿಡು" ಅಂತೀಯ, ಅದಕ್ಕೇ ಬರೆಯುತ್ತಿದ್ದೇನೆ. ಲ್ಯಾಬಲ್ಲಿ ದಿನಾ ನಾನು ನೋಡುವುದು ಇದನ್ನೇ ಅಲ್ವಾ.

ಅದೇ ದಿನ ತೆಗೆದ ರಕ್ತದಲ್ಲಿ ನಿನ್ನ ಖಾಲಿ ಹೊಟ್ಟೆಯ ಸಕ್ಕರೆ 118. ಶುಗರ್ ಇರುವ ನಿನಗೆ ಅದು ಚೆನ್ನಾಗೇ ಇದೆ. ಹಾಗಾದರೆ ಮೂತ್ರದಲ್ಲಿ ಅಷ್ಟೊಂದು ಎಲ್ಲಿಂದ ಬಂತು? ಸಾಮಾನ್ಯವಾಗಿ ಕಿಡ್ನಿ ರಕ್ತವನ್ನು ಸೋಸುವಾಗ ಸಕ್ಕರೆಯನ್ನು ಹಿಡಿದು ವಾಪಸ್ ಒಳಗೆ ಕಳಿಸುತ್ತದೆ. ರಕ್ತದಲ್ಲಿ ಸುಮಾರು 180 ದಾಟಿದರೆ ಮಾತ್ರ ಅದರ ಕೈಮೀರಿ ಮೂತ್ರಕ್ಕೆ ಇಳಿಯುತ್ತದೆ. ಆದರೆ ಎರಡು ತಿಂಗಳ ಹಿಂದೆ ಡಾಕ್ಟರು ನಿನಗೆ ಹೊಸದಾಗಿ ಬರೆದರಲ್ಲ, ಡಾಪಾಗ್ಲಿಫ್ಲೋಜಿನ್ ಅಂತ, ಆ ಮಾತ್ರೆಯ ಕೆಲಸವೇ ಹಾಗೆ ಹಿಡಿಯಬೇಡ ಅಂತ ಕಿಡ್ನಿಗೆ ಹೇಳುವುದು. ಸಕ್ಕರೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ರಕ್ತದಲ್ಲಿ ಕಮ್ಮಿಯಾಗುತ್ತದೆ. ಮೂರು ಪ್ಲಸ್ ಬಂದಿದೆ ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ. ಇದನ್ನು ನುಂಗುವಷ್ಟು ಕಾಲ ನಿನ್ನ ಮೂತ್ರದಲ್ಲಿ ಸಕ್ಕರೆ ಕಾಣುತ್ತಲೇ ಇರುತ್ತದೆ. ಶುಗರ್ ಹಿಡಿತದಲ್ಲಿದೆಯಾ ಅಂತ ತಿಳಿಯಲು ರಕ್ತದ್ದನ್ನೇ ನೋಡಬೇಕು.

ನನಗೆ ಯೋಚನೆ ಹತ್ತಿಸಿದ್ದು ನೀನು ಗಮನಿಸದೇ ಬಿಟ್ಟ ಸಾಲು. ಕೀಟೋನ್, ಒಂದು ಪ್ಲಸ್. ಹಿಂದಿನ ದಿನ ಏಕಾದಶಿ, ನೀರು ಬಿಟ್ಟು ಏನೂ ಮುಟ್ಟಿಲ್ಲ. ದ್ವಾದಶಿ ಬೆಳಿಗ್ಗೆ ಪಾರಣೆಗೂ ಮೊದಲೇ ಸ್ಯಾಂಪಲ್ ಕೊಟ್ಟಿದ್ದೀಯ. ಅನ್ನ ಸಿಗದಿದ್ದಾಗ ಮೈ ತನ್ನ ಕೊಬ್ಬನ್ನೇ ಉರಿಸುತ್ತದೆ, ಆಗ ಕೀಟೋನ್ ಹುಟ್ಟುತ್ತದೆ. ಉಪವಾಸ ಮಾಡಿದ ಯಾರಿಗಾದರೂ ಇಷ್ಟು ಬರಬಹುದು. ಆದರೆ ಈ ಮಾತ್ರೆ ತಗೊಳ್ಳುವವರಲ್ಲಿ ಅದು ಬೇಗ ಏರಬಹುದು. ಅಪರೂಪಕ್ಕೆ ರಕ್ತವೇ ಹುಳಿಯಾಗುವ ಮಟ್ಟಕ್ಕೂ ಹೋಗುತ್ತದೆ. ಮೋಸ ಏನೆಂದರೆ, ಆಗಲೂ ರಕ್ತದ ಸಕ್ಕರೆ ಅಷ್ಟೇನೂ ಏರಿರುವುದಿಲ್ಲ. ಮೀಟರ್ 150 ತೋರಿಸಿದರೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಅದಕ್ಕೆ ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ಮೀಟರ್ ನಂಬಿ ಮನೆಯಲ್ಲಿ ಕೂರಬೇಡ. ಆಸ್ಪತ್ರೆಗೆ ಹೋಗಿ ಈ ಮಾತ್ರೆಯ ಹೆಸರು ಹೇಳಿ, ರಕ್ತದಲ್ಲೇ ಕೀಟೋನ್ ನೋಡಿ ಅಂತ ಕೇಳಬೇಕು. ಮುಂದಿನ ಏಕಾದಶಿಗೆ ಮುಂಚೆ ಡಾಕ್ಟರನ್ನು ಕೇಳದೆ ಉಪವಾಸ ಬೇಡ. ಹಾಗಂತ ಮಾತ್ರೆಯನ್ನು ನೀನೇ ನಿಲ್ಲಿಸಲೂ ಬೇಡ.

ಪಸ್ ಸೆಲ್ 8ರಿಂದ 10 ಅಂತಿದೆ. ಹೆಸರು ಕೇಳಿದರೆ ಕೀವು ತುಂಬಿದೆಯೇನೋ ಅನ್ನಿಸುತ್ತದೆ. ಅವು ಬಿಳಿ ರಕ್ತಕಣ, ಅಷ್ಟೇ. ಸೂಕ್ಷ್ಮದರ್ಶಕದಲ್ಲಿ ಒಂದು ನೋಟಕ್ಕೆ ಐದರವರೆಗೆ ಕಂಡರೆ ನಾವು ಮಾಮೂಲಿ ಅಂತೀವಿ. ನಿನ್ನದು ಸ್ವಲ್ಪ ಜಾಸ್ತಿ. ಆದರೆ ಅದರ ಕೆಳಗಿನ ಸಾಲಲ್ಲಿ ಎಪಿಥೀಲಿಯಲ್ ಸೆಲ್ ತುಂಬಾ ಇದೆ ಅಂತಲೂ ಬರೆದಿದ್ದಾರೆ. ಅವು ಹೊರಗಿನ ಚರ್ಮದಿಂದ ಉದುರಿದ ಕಣಗಳು. ಅಂದರೆ ನೀನು ಮೊದಲ ಹನಿಯಿಂದಲೇ ಡಬ್ಬಿ ಹಿಡಿದಿದ್ದೀಯ. ಜೊತೆಗೆ ಆರಕ್ಕೆ ಹಿಡಿದದ್ದು ಬಸ್ಸಲ್ಲಿ ಬಂದು ಲ್ಯಾಬ್ ಸೇರಿದ್ದು ಹತ್ತಕ್ಕೆ. ಅಷ್ಟು ಹೊತ್ತಿಗೆ ಕ್ರಿಮಿ ಬೆಳೆಯುತ್ತವೆ, ಕಣಗಳು ಒಡೆಯುತ್ತವೆ. ಇಂಥ ಸ್ಯಾಂಪಲ್ ನೋಡಿ ಇನ್ಫೆಕ್ಷನ್ ಅಂತ ಹೇಳುವುದು ತಪ್ಪು.

ನಿನಗೆ ಉರಿ ಇಲ್ಲ, ಜ್ವರ ಇಲ್ಲ, ಪದೇ ಪದೇ ಹೋಗಬೇಕು ಅನ್ನಿಸುವುದೂ ಇಲ್ಲ ಅಂತ ತಮ್ಮ ಹೇಳಿದ. ಹಾಗಿದ್ದಮೇಲೆ ಮೆಡಿಕಲ್ ಶಾಪಿನವರು ಕೊಟ್ಟ ಆ್ಯಂಟಿಬಯಾಟಿಕ್ ನುಂಗಬೇಡ, ಎತ್ತಿಡು. ಕೆಳಗೆ ತುರಿಕೆ ಇದ್ದರೆ ಮಾತ್ರ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳು. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಈ ಮಾತ್ರೆಯವರಿಗೆ ಅಲ್ಲಿ ಫಂಗಸ್ ಬರುವುದುಂಟು.

ಪ್ರೋಟೀನ್ ಟ್ರೇಸ್, ಅಂದರೆ ಸುಳಿವು ಮಾತ್ರ. ಬೆಳಗಿನ ಗಟ್ಟಿ ಮೂತ್ರದಲ್ಲಿ ಇಷ್ಟು ಕಾಣುವುದುಂಟು, ನೀನು ನೀರನ್ನೂ ಕಮ್ಮಿ ಕುಡಿದಿದ್ದೆ. ಆದರೂ ಶುಗರ್ ಬಂದು ಒಂಬತ್ತು ವರ್ಷವಾಯಿತು, ಸುಮ್ನೆ ಬಿಡುವ ಹಾಗಿಲ್ಲ. ಮೂತ್ರದಲ್ಲಿ ಪಟ್ಟಿ ಅದ್ದಿ ನೋಡುವ ಈ ಪರೀಕ್ಷೆಗೆ ಶುರುವಿನ ಸಣ್ಣ ಪ್ರೋಟೀನ್ ಸೋರಿಕೆ ಸಿಗುವುದಿಲ್ಲ. ಆಲ್ಬುಮಿನ್ ಕ್ರಿಯಾಟಿನಿನ್ ರೇಶಿಯೊ ಅಂತ ಬೇರೆ ಪರೀಕ್ಷೆ ಇದೆ. ಅದು 30ರ ಒಳಗಿದ್ದರೆ ಸರಿ. ಜಾಸ್ತಿ ಬಂದರೂ ಒಂದೇ ಸಲಕ್ಕೆ ನಿರ್ಧಾರ ಮಾಡುವುದಿಲ್ಲ, ಮತ್ತೆ ಮಾಡಿಸಿ ನೋಡುತ್ತಾರೆ.

ಮುಂದಿನ ವಾರ ಊಟ ತಿಂಡಿ ಮಾಮೂಲಿ ಇರುವ ದಿನ ಲ್ಯಾಬಿಗೇ ಹೋಗಿ ಕೊಡು. ನೀರಲ್ಲಿ ತೊಳೆದುಕೊಂಡು, ಮೊದಲ ಸ್ವಲ್ಪ ಹೊರಗೆ ಬಿಟ್ಟು, ನಡುವಿನದನ್ನು ಅವರೇ ಕೊಡುವ ಡಬ್ಬಿಯಲ್ಲಿ ಹಿಡಿ. ಹಿಂದಿನ ಸಂಜೆ ಅಂಗಳ ಗುಡಿಸಿ, ಅಡಿಕೆ ಹೊತ್ತು ದಣಿಯಬೇಡ, ಅದರಿಂದಲೂ ಪ್ರೋಟೀನ್ ಏರುತ್ತದೆ. ಅಡಿಕೆ ಕೆಲಸಕ್ಕೆ ಅಪ್ಪ ಆಳು ಕರೆಯಲಿ.

ನಿನ್ನ ಮಗಳು