ಬೈಪಾಸ್ ಹಿಡಿಯಲು ಬಂದವರು ಸ್ಟಾಪ್ ಕಾಕ್ ತಿರುಗಿಸಿ ನೋಡಲಿಲ್ಲ

ಮಾನ್ಯ ಸಂಪಾದಕರೇ,

ಹನುಮಂತನಗರದಲ್ಲಿ ಮೀಟರ್ ತಪ್ಪಿಸಿ ನೀರು ಎಳೆಯುತ್ತಿದ್ದ ಮನೆಗಳು ಸಿಕ್ಕಿಬಿದ್ದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಆ ಮನೆಗಳಲ್ಲಿ ಒಂದು ನಮ್ಮದು. ಹೆಸರು ಹಾಕಿಲ್ಲ, ಅಷ್ಟರಮಟ್ಟಿಗೆ ಉಪಕಾರ. ಆದರೆ ಅಡ್ಡರಸ್ತೆ ಯಾವುದು ಅಂತ ಬರೆದ ಮೇಲೆ ನಮ್ಮ ಏರಿಯಾದಲ್ಲಿ ಹೆಸರು ಯಾರಿಗೆ ಬೇಕು? ಹಾಲು ತರಲು ಹೋದರೆ ಅಂಗಡಿಯವರು "ಏನ್ ಸಾರ್, ನೀರು ಜೋರಾಗಿ ಬರ್ತಿದೆಯಾ" ಅಂತ ಕೇಳಿ ನಗುತ್ತಾರೆ. ನಮ್ಮ ಮನೆ ಏರಿನ ತುದಿಯಲ್ಲಿದೆ. ಇಲ್ಲಿ ನೀರು ಜೋರಾಗಿ ಬಂದದ್ದು ಯಾವಾಗ ಅಂತ ನನಗೇ ನೆನಪಿಲ್ಲ.

ನಡೆದದ್ದು ಇಷ್ಟು. ಮೊದಲು ನಮ್ಮ ಮೀಟರ್ ಗೇಟಿನ ಹೊರಗೆ, ಫುಟ್‌ಪಾತಿನ ಗುಂಡಿಯಲ್ಲಿತ್ತು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಆ ಗುಂಡಿ ಕೆಳಗೆ ಹೋಯಿತು, ಮಳೆ ಬಂದಾಗಲೆಲ್ಲ ಕೆಸರು ತುಂಬುತ್ತಿತ್ತು. ರೀಡಿಂಗಿಗೆ ಬರುವವರು ಬಗ್ಗಿ ಗಾಜು ಒರೆಸುವ ಗೋಜಿಗೆ ಹೋಗದೆ "ಡೋರ್ ಲಾಕ್" ಅಂತ ಬರೆದು ಸರಾಸರಿ ಬಿಲ್ಲು ಕೊಟ್ಟು ಹೋಗುತ್ತಿದ್ದರು. ಗೇಟಿನ ಹೊರಗಿರುವ ಮೀಟರಿಗೆ ಡೋರ್ ಲಾಕ್! ನಾನು ವರಾಂಡದಲ್ಲೇ ಕೂತಿರುತ್ತಿದ್ದೆ. ದೂರು ಕೊಟ್ಟಾಗ ಜಲಮಂಡಳಿಯವರೇ ಕಂಟ್ರಾಕ್ಟರನ್ನು ಕಳಿಸಿ ಮೀಟರನ್ನು ಕಾಂಪೌಂಡಿನ ಒಳಕ್ಕೆ ಸಾಗಿಸಿದರು. ಇದೆಲ್ಲ ಅವರದೇ ಕಾಗದದಲ್ಲಿದೆ.

ಸಾಗಿಸಿದ ರೀತಿ ಹೇಳುತ್ತೇನೆ ಕೇಳಿ. ರಸ್ತೆಯಿಂದ ಬರುವ ಅರ್ಧ ಇಂಚಿನ ಜಿಐ ಪೈಪು ಮೊದಲು ನೇರವಾಗಿ ಸಂಪಿಗೆ ಹೋಗುತ್ತಿತ್ತು. ಆ ಪೈಪನ್ನು ಗೇಟಿನ ಹತ್ತಿರ ಕತ್ತರಿಸಿ, ಒಂದು ಎಲ್ಬೋ ಹಾಕಿ ಗೋಡೆಯ ಕಡೆ ತಿರುಗಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಕಂಟ್ರಾಕ್ಟರ್ ಹುಡುಗನ ಚೀಲದಲ್ಲಿ ಎಲ್ಬೋ ಇರಲಿಲ್ಲ, ಟೀ ಇತ್ತು. ಟೀ ಹಾಕಿದ. ಒಂದು ಬಾಯಿಗೆ ಹೊಸ ಲೈನು, ಇನ್ನೊಂದು ಬಾಯಿಗೆ ಡಮ್ಮಿ ಪ್ಲಗ್. ಸಂಪಿಗೆ ಹೋಗುತ್ತಿದ್ದ ಹಳೇ ಪೈಪನ್ನು ಕೀಳಲೂ ಇಲ್ಲ, ಆ ಡಮ್ಮಿಯ ಎದುರಿಗೇ ಸುಮ್ನೆ ಬಿಟ್ಟು ಹೋದ. ಈಗ ಯಾರಾದರೂ ನೋಡಿದರೆ ಏನನ್ನಿಸುತ್ತದೆ? ಮೀಟರಿಗೆ ಮುಂಚೆ ಒಂದು ಟೀ, ಪಕ್ಕದಲ್ಲಿ ಸಂಪಿಗೆ ಇಳಿಯುವ ಪೈಪು. ಬೈಪಾಸ್ ಅಂತಲೇ ಅನ್ನಿಸುತ್ತದೆ, ಒಪ್ಪುತ್ತೇನೆ. ಅನ್ನಿಸಿದ ಮೇಲೆ ಪರೀಕ್ಷೆ ಮಾಡಬೇಕಲ್ವಾ?

ಪರೀಕ್ಷೆಗೆ ಎಂಜಿನಿಯರೇ ಬೇಕಾಗಿಲ್ಲ. ನೀರು ಬಿಟ್ಟಿರುವ ಹೊತ್ತಿನಲ್ಲಿ ಮೀಟರಿನ ಮುಂದಿರುವ ಸ್ಟಾಪ್ ಕಾಕ್ ಪೂರ್ತಿ ಮುಚ್ಚಿ, ಸಂಪಿನ ಮುಚ್ಚಳ ತೆಗೆದು ನೋಡಬೇಕು. ನಮ್ಮಲ್ಲಿ ಆ ಕಾಕು ಇರುವುದು ಟೀ ದಾಟಿದ ಮೇಲೆ. ಅದನ್ನು ಮುಚ್ಚಿದಾಗ ಮೀಟರಿನ ದಾರಿ ಬಂದ್. ಆಗಲೂ ಸಂಪಿಗೆ ನೀರು ಬೀಳುತ್ತಿದ್ದರೆ ಅದು ಬೇರೆ ದಾರಿಯಲ್ಲಿ ಬರುತ್ತಿದೆ, ಬೈಪಾಸ್ ಇದೆ. ನೀರು ನಿಂತರೆ ಇಲ್ಲ. ಐದು ನಿಮಿಷದ ಕೆಲಸ. ಆದರೆ ಈ ಮಹಾನುಭಾವರು ತಪಾಸಣೆಗೆ ಬಂದದ್ದು ನೀರು ಇಲ್ಲದ ದಿನ. "ನಾಳೆ ನೀರು ಬರುತ್ತೆ ಸಾರ್, ನಾಳೆ ಬನ್ನಿ, ಕಾಕ್ ಮುಚ್ಚಿ ತೋರಿಸ್ತೀನಿ" ಎಂದೆ. "ನಾಳೆ ಬೇರೆ ವಾರ್ಡು" ಅಂದರು. ಮೊಬೈಲಿನಲ್ಲಿ ಟೀ ಫೋಟೋ ತೆಗೆದರು, ದಂಡದ ಚೀಟಿ ಬರೆದರು. ಮರುದಿನ ನೀರು ಬಂದಾಗ ಪಕ್ಕದ ಮನೆಯ ಯಜಮಾನರನ್ನು ಕರೆದು ಅವರ ಎದುರಿಗೇ ಕಾಕ್ ಮುಚ್ಚಿದೆ. ಸಂಪಿಗೆ ಒಂದು ಹನಿ ಬೀಳಲಿಲ್ಲ. ಅದನ್ನು ನೋಡಿದ್ದು ನಾವಿಬ್ಬರೇ, ನಮ್ಮ ಮಾತು ಕಚೇರಿಯಲ್ಲಿ ನಡೆಯುವುದಿಲ್ಲ.

ಅವರಿಗೆ ಅನುಮಾನ ಬಂದದ್ದಾದರೂ ಯಾಕೆ? ಮೀಟರ್ ಸಾಗಿಸಿದ ಮೇಲೆ ನಮ್ಮ ಬಳಕೆ ಕಡಿಮೆ ತೋರಿಸುತ್ತಿದೆಯಂತೆ. ತೋರಿಸದೆ ಏನು ಮಾಡುತ್ತದೆ? ನಮ್ಮ ಮೀಟರ್ ಮಲಗಿರಬೇಕಾದ್ದು. ಪೈಪು ಅಡ್ಡವಾಗಿ, ಅಂಕಿಯ ಮುಖ ಆಕಾಶ ನೋಡುತ್ತಾ ಇರಬೇಕು. ಒಳಗಿನ ಚಕ್ರ ನೆಟ್ಟಗೆ ನಿಂತ ಸೂಜಿಯ ಮೇಲೆ ಹಗುರವಾಗಿ ತಿರುಗುವುದು ಆಗಲೇ. ನಮ್ಮ ಕಂಟ್ರಾಕ್ಟರ್ ಗೋಡೆಯ ಮೇಲೆ ಹತ್ತುವ ಪೈಪಿಗೆ ಕೂರಿಸಿ, ಮುಖವನ್ನು ನಮ್ಮ ಕಡೆ ತಿರುಗಿಸಿಬಿಟ್ಟ. "ರೀಡಿಂಗ್ ನೋಡಲು ಸುಲಭ ಸಾರ್" ಅಂದ. ಹೀಗೆ ಕೂರಿಸಿದರೆ ಚಕ್ರ ಒಂದು ಕಡೆ ಒರಗುತ್ತದೆ, ತಿಕ್ಕಾಟ ಜಾಸ್ತಿ. ನೀರು ಜೋರಾಗಿ ಬಂದರೆ ಹೇಗೋ ತಿರುಗುತ್ತದೆ, ಸಣ್ಣಗೆ ಬಂದರೆ ತಡವರಿಸುತ್ತದೆ. ಏರಿನ ತುದಿಯ ಮನೆಗೆ ಬರುವುದೇ ಸಣ್ಣ ನೀರು.

ಇದನ್ನೂ ಅಳೆದು ನೋಡಿದ್ದೇನೆ. ಸಂಪಿನ ಪೈಪಿನ ಬಾಯಿಗೆ 20 ಲೀಟರಿನ ನೀರಿನ ಕ್ಯಾನ್ ಹಿಡಿದು, ಮೀಟರಿನ ಕೆಂಪು ಮುಳ್ಳುಗಳನ್ನು ಬರೆದುಕೊಂಡೆ. ಕಪ್ಪು ಅಂಕಿ ಕಿಲೋಲೀಟರ್, ಅಂದರೆ 1000 ಲೀಟರ್, ಕೆಂಪು ಮುಳ್ಳುಗಳು ಅದರ ಚಿಲ್ಲರೆ. ನೀರು ಚೆನ್ನಾಗಿ ಬರುವಾಗ ಕ್ಯಾನ್ ತುಂಬಿದರೆ ಮೀಟರ್ 19 ತೋರಿಸಿತು. ಸಣ್ಣಗೆ ಬರುವಾಗ ಅದೇ ಕ್ಯಾನಿಗೆ 13. ಉಳಿದ 7 ಲೀಟರ್ ನಾನು ಕದ್ದದ್ದಲ್ಲ, ನೀವು ಕೂರಿಸಿದ ಮೀಟರ್ ನುಂಗಿದ್ದು. ಮೀಟರನ್ನು ಅಡ್ಡ ಮಾಡಿ ಕೊಡಿ ಅಂತ ಕೂರಿಸಿದ ದಿನವೇ ಕೇಳಿದ್ದೆ. "ಸೀಲ್ ಆಗಿದೆ, ಮುಟ್ಟಬಾರದು" ಅಂದರು. ಈಗ ಅದೇ ಸೀಲು ನನ್ನ ಮೇಲೆ ಸಾಕ್ಷಿ.

ಇಷ್ಟಕ್ಕೇ ಬಿಟ್ಟಿದ್ದರೆ ದಂಡ ಕಟ್ಟಿ ಸುಮ್ಮನಾಗುತ್ತಿದ್ದೆನೋ ಏನೋ. "ಮೇನ್ ಪೈಪಿನಲ್ಲಿ ಎರಡು ತೂತು ಇರಬಹುದು" ಅಂತ ರಸ್ತೆ ಅಗೆದರು. ನಾವು ಒಂದು ಪೈಪು ಹಾಕಿಸಿಕೊಳ್ಳಬೇಕಾದರೆ ರಸ್ತೆ ಕತ್ತರಿಸಲು ಅನುಮತಿ, ಡಿಪಾಸಿಟ್ಟು, ಎಂಜಿನಿಯರ್ ಸಹಿ, ಅವರು ರಜೆಯಲ್ಲಿದ್ದಾರೆ ಅನ್ನುವ ಉತ್ತರ. ಅವರಿಗೆ ಒಂದು ಹಾರೆ ಸಾಕು. ಅಗೆದರೆ ಸಿಕ್ಕಿದ್ದು ನಾಲ್ಕು ಇಂಚಿನ ಹಳೇ ಬೀಡಿನ ಪೈಪು, ಅದರ ಮೇಲೆ ಒಂದೇ ಸ್ಯಾಡಲ್, ಸ್ಯಾಡಲ್ಲಿನ ನೆತ್ತಿಯಲ್ಲಿ ಮನೆಗೆ ನೀರು ಬಿಡುವ ಒಂದೇ ಫೆರೂಲ್, ಅಲ್ಲಿಂದ ನಮ್ಮ ಮನೆಗೆ ಒಂದೇ ಪೈಪು. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಹಾರೆ ಸ್ಯಾಡಲ್ಲಿಗೇ ಬಡಿದಿತ್ತು.

ಸ್ಯಾಡಲ್ ಅಂದರೆ ಮೇನ್ ಪೈಪನ್ನು ತಬ್ಬಿ ಹಿಡಿಯುವ ಪಟ್ಟಿ. ಪೈಪಿನ ತೂತಿಗೂ ಪಟ್ಟಿಗೂ ನಡುವೆ ರಬ್ಬರ್ ವಾಷರ್ ಇರುತ್ತದೆ. ಎರಡು ಕಡೆಯ ಬೋಲ್ಟನ್ನೂ ಇಷ್ಟಿಷ್ಟೇ ಸಮವಾಗಿ ಬಿಗಿಯಬೇಕು. ಒಂದೇ ಕಡೆ ಎಳೆದರೆ ರಬ್ಬರು ಅಲ್ಲಿ ಹಿಂಡಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಅವರು ಸ್ಪ್ಯಾನರ್ ಸಿಗುವ ಕಡೆಯ ಬೋಲ್ಟನ್ನು ಮಾತ್ರ ಎಳೆದು, ಇನ್ನೊಂದು ತುಕ್ಕು ಹಿಡಿದಿದೆ ಅಂತ ಬಿಟ್ಟು, ಮಣ್ಣು ಮುಚ್ಚಿ ಹೋದರು. ನೀರು ಬಂದ ದಿನ ನಮ್ಮ ಗೇಟಿನ ಮುಂದೆ ಊಟೆ ಎದ್ದಿತು. ಪ್ಲಂಬರ್ ಮೇಲಿನ ಮಣ್ಣು ಸರಿಸಿ, ಅಲ್ಲೇ ಗುಂಡಿ ಮಾಡಿ ಬಕೆಟ್ಟಿನಲ್ಲಿ ಮೊಗೆದು ಅಂದಾಜು ಹೇಳಿದ. ಎರಡು ನಿಮಿಷಕ್ಕೆ ಒಂದು 20 ಲೀಟರಿನ ಬಕೆಟ್, ಅಂದರೆ ಗಂಟೆಗೆ 600 ಲೀಟರ್. ನೀರು ಮೂರು ಗಂಟೆ ಬಿಟ್ಟರೆ 1800. ದಿನ ಬಿಟ್ಟು ದಿನ ಅಂತ ಲೆಕ್ಕ ಹಾಕಿದರೂ ತಿಂಗಳಿಗೆ 27,000 ಲೀಟರ್. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿ ಅಂತ ಹಂತ ಹಂತವಾಗಿ ಪಂಪು ಮಾಡಿ ಹತ್ತಿಸಿದ ಕಾವೇರಿ ನೀರು ನಮ್ಮ ಗೇಟಿನ ಮುಂದೆ ಮೋರಿಗೆ. ಇದು ಮೀಟರಿಗೆ ಮುಂಚೆಯೇ ಹೋಗುವ ನೀರು, ಯಾರ ಬಿಲ್ಲಿಗೂ ಬರುವುದಿಲ್ಲ, ಆದ್ದರಿಂದ ಯಾರಿಗೂ ಅವಸರವಿಲ್ಲ. ನಿಜವಾದ ಬೈಪಾಸ್ ಇದು, ಚೀಟಿ ಯಾರಿಗೆ ಬರೆಯುತ್ತೀರಿ?

ಪೋಲಾಗುವುದು ಒಂದು ಕಡೆ ಇರಲಿ. ಮೇಲೆ ನೀರು ಬಂದ್ ಮಾಡಿದ ಕೂಡಲೇ ಮೇನ್ ಪೈಪಿನಲ್ಲಿರುವ ನೀರು ಇಳಿಜಾರಿಗೆ ಹರಿದುಹೋಗುತ್ತದೆ, ನಮ್ಮ ತುದಿಯಲ್ಲಿ ಪೈಪು ಎಳೆದುಕೊಳ್ಳಲು ಶುರುಮಾಡುತ್ತದೆ. ಆಗ ಯಾವ ಸಂದಿಯಿಂದ ನೀರು ಹೊರಗೆ ಬರುತ್ತಿತ್ತೋ ಅದೇ ಸಂದಿಯಿಂದ ಗುಂಡಿಯ ಕೊಳಕು ನೀರು ಒಳಗೆ ಹೋಗುತ್ತದೆ. ಆ ಗುಂಡಿಯ ಪಕ್ಕದಲ್ಲೇ ಯುಜಿಡಿ, ಅಂದರೆ ಒಳಚರಂಡಿಯ ಪೈಪು ಹಾದುಹೋಗಿದೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಹತ್ತು ನಿಮಿಷ ಬಂದದ್ದು ಬೂದು ಬಣ್ಣದ, ವಾಸನೆಯ ನೀರು. ಸಂಪು ಪೂರ್ತಿ ಖಾಲಿ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಸಿ, ಟ್ಯಾಂಕರ್ ತರಿಸಿದೆವು. ವಯಸ್ಸಾದ ನಮ್ಮ ಅತ್ತೆಗೆ ಹೊಟ್ಟೆ ಕೆಟ್ಟು ಮಲಗಿದ್ದಾರೆ. ಕೆಳಗಿನ ಮನೆಯವರಿಗೆ ಇನ್ನೂ ಈ ವಿಷಯ ಗೊತ್ತಿಲ್ಲ, ಅವರು ಗೋಡೆಗೆ ಹಾಕಿದ ಫಿಲ್ಟರಿನ ಮೇಲೆ ಭಾರ ಹಾಕಿದ್ದಾರೆ.

ಫೋನ್ ಮಾಡಿದರೆ "ದೂರು ದಾಖಲಾಗಿದೆ" ಅಂತ ಮೆಸೇಜ್ ಬರುತ್ತದೆ, ಸಂಜೆಯಷ್ಟರಲ್ಲಿ "ಸರಿಪಡಿಸಲಾಗಿದೆ" ಅಂತ ಇನ್ನೊಂದು. ಗುಂಡಿ ಹಾಗೇ ಇದೆ. ಕನಿಷ್ಠ ಫೆರೂಲಿನ ಸ್ಕ್ರೂ ತಿರುಗಿಸಿ ನಮ್ಮೊಂದು ಮನೆಯ ನೀರಾದರೂ ಬಂದ್ ಮಾಡಿ ಎಂದೆ. ಅದು ಇರುವುದೇ ಅದಕ್ಕೆ, ಆದರೆ ಸೋರುವುದು ಅದರ ಬುಡದಲ್ಲಿ, ರಬ್ಬರಿನ ಹತ್ತಿರ, ಹಾಗಾಗಿ ಸೋರಿಕೆ ನಿಲ್ಲುವುದಿಲ್ಲ ಅಂತ ಅಲ್ಲಿನ ವಾಲ್ವ್‌ಮ್ಯಾನೇ ಹೇಳಿದ. ಅವನು ಹೇಳಿದ್ದು ಸರಿ. ಇಡೀ ಕಚೇರಿಯಲ್ಲಿ ವಿಷಯ ಗೊತ್ತಿರುವುದು ಅವನೊಬ್ಬನಿಗೇ ಅಂತ ಕಾಣುತ್ತದೆ, ಸಂಬಳ ಮಾತ್ರ ಎಲ್ಲರಿಗಿಂತ ಕಡಿಮೆ.

ಹಳೇ ಕಥೆಗೆ ಹೋದರೆ ಪತ್ರ ಮುಗಿಯುವುದಿಲ್ಲ. ಮೀಟರ್ ಗುಂಡಿ ಕೆಳಗೆ ಹೋದದ್ದು ರಸ್ತೆಯವರಿಂದ, ರಸ್ತೆಯವರನ್ನು ಕೇಳಿದರೆ ನೀರಿನವರನ್ನು ಕೇಳಿ ಅನ್ನುತ್ತಾರೆ, ನೀರಿನವರು ಕಂಟ್ರಾಕ್ಟರ್ ಅನ್ನುತ್ತಾರೆ, ಕಂಟ್ರಾಕ್ಟರ್ ಬಿಲ್ ಪಾಸಾಗಿಲ್ಲ ಅನ್ನುತ್ತಾನೆ. ಹಿಂದೆ ಕೇಬಲ್ಲಿನವರು ಇದೇ ಫುಟ್‌ಪಾತ್ ಅಗೆದು ಹೋದಾಗಲೂ ಇದೇ ಕಥೆ, ಆಗಿನ ಕಲ್ಲುಚಪ್ಪಡಿ ಇನ್ನೂ ಅಲ್ಲಾಡುತ್ತಿದೆ. ಬೀದಿದೀಪದ ಮಾತು ಇಲ್ಲಿ ಬೇಡ.

ದೊಡ್ಡ ಕಟ್ಟಡಗಳ ದೊಡ್ಡ ಮೀಟರಿಗೆ ಸೀಲ್ ಹಾಕಿದ ವಾಲ್ವಿನ ಜೊತೆ ಬೈಪಾಸ್ ಇಡುವುದುಂಟು, ಮೀಟರ್ ರಿಪೇರಿಗೆ ಬಿಚ್ಚಿದಾಗ ನೀರು ನಿಲ್ಲದಿರಲಿ ಅಂತ. ಅರ್ಧ ಇಂಚಿನ ಮನೆಗೆ ಅದು ಬೇಕಾಗಿಲ್ಲ. ಮೀಟರಿನ ಹಿಂದೆ ಮುಂದೆ ಒಂದೊಂದು ಕಾಕ್ ಇದ್ದರೆ ಹತ್ತು ನಿಮಿಷದಲ್ಲಿ ಬಿಚ್ಚಿ ಹಾಕಬಹುದು. ಇಷ್ಟು ಗೊತ್ತಿದ್ದವರನ್ನು ತಪಾಸಣೆಗೆ ಕಳಿಸಬೇಕು. ನಿಮ್ಮ ವರದಿಗಾರರೂ ಅವರು ಕೊಟ್ಟ ಪಟ್ಟಿಯನ್ನು ಹಾಗೇ ಅಚ್ಚು ಹಾಕುವ ಬದಲು ಒಂದು ಸಲ ಮನೆಯವರನ್ನು ಕೇಳಬಹುದಿತ್ತು.

ಸಂಬಂಧಪಟ್ಟವರು ಸ್ಯಾಡಲ್ ಬದಲಿಸಲಿ, ಟೀ ಕಿತ್ತು ಎಲ್ಬೋ ಹಾಕಲಿ, ಮೀಟರನ್ನು ಮಲಗಿಸಲಿ, ದಂಡ ವಾಪಸು ಕೊಡಲಿ. ಅಥವಾ ಏನೂ ಮಾಡುವುದು ಬೇಡ, ದಯವಿಟ್ಟು ನಮ್ಮ ರಸ್ತೆಗೆ ಮತ್ತೆ ಬರಬೇಡಿ. ಬರುವುದಾದರೆ ನೀರು ಬರುವ ದಿನ ಬನ್ನಿ. ಇಷ್ಟು ವರ್ಷ ನೀರಿನ ಕೆಲಸ ಮಾಡಿ ಅಷ್ಟೂ ತಿಳಿಯದಿದ್ದರೆ ನೀವು ಏನು ಕಲಿತಿದ್ದೀರಿ ಸ್ವಾಮಿ?

ಇಂತಿ,
ಬೈಪಾಸ್ ಇಲ್ಲದ ಮನೆಯವನು
ಹನುಮಂತನಗರ, ಬೆಂಗಳೂರು