ಗ್ಯಾಸ್ ಬಿಲ್ ಮತ್ತು ಸಬ್ಸಿಡಿ: ಒಮ್ಮೆ ನೋಡಿ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪ ಕಡೆಯ ಒಬ್ಬರ ಹತ್ತಿರ ಸಿಲಿಂಡರ್ ತಂದವರು ಬುಕಿಂಗ್ ಮೆಸೇಜಿನಲ್ಲಿದ್ದ ದರಕ್ಕಿಂತ 80 ರೂಪಾಯಿ ಜಾಸ್ತಿ ಕೇಳಿದ್ದಾರೆ. ಬಿಲ್ ನೋಡಿದರೆ 50 ಮಾತ್ರ ಹೆಚ್ಚು. ಬುಕ್ ಮಾಡಿದ ಮೇಲೆ ದರ ಏರಿತ್ತು. ದುಡ್ಡು ಮೊದಲೇ ಕಟ್ಟಿರದಿದ್ದರೆ ಸಿಲಿಂಡರ್ ಕೊಡುವ ದಿನದ ದರವೇ ಲೆಕ್ಕ, ಹಾಗಾಗಿ ಆ 50 ಸರಿ. ಉಳಿದ 30 ತಪ್ಪು. ಮನೆಗೆ ತಂದುಕೊಡುವ ಖರ್ಚು ಬಿಲ್‌ನಲ್ಲೇ ಸೇರಿರುತ್ತದೆ. ತೋಟದ ದಾರಿ, ಮಳೆ ಅಂತ ಸುಮ್ನೆ ಕೇಳಿದರೆ ಬಿಲ್ ತೋರಿಸಿ ಅನ್ನಿ. ಬಿಲ್ ತೋರಿಸದಿದ್ದರೆ 1800-233-3555ಕ್ಕೆ ದೂರು ಕೊಡಿ.

ಆ ಸುಂಟಿಕೊಪ್ಪ ಕಡೆಯವರದು ಉಜ್ವಲ ಸಂಪರ್ಕ. ಸಬ್ಸಿಡಿ 300 ಪಾಸ್‌ಬುಕ್‌ನಲ್ಲಿ ಇರಲಿಲ್ಲ. ಆಮೇಲೆ ತೆರೆದ ಇನ್ನೊಂದು ಬ್ಯಾಂಕ್ ಖಾತೆಗೆ ಹೋಗಿತ್ತು! ಕೊನೆಗೆ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೇ ಹೋಗುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ‘Bank Seeding Status’ ಒತ್ತಿದರೆ ಯಾವ ಬ್ಯಾಂಕ್ ಅಂತ ಗೊತ್ತಾಗುತ್ತದೆ.